ಎಲ್ಲದಕ್ಕೂ 30 ದಿನ ಅಂದರೆ ಹೇಗೆ? ಆಸ್ಪತ್ರೆಯ ಫೈರ್ ಆಡಿಟ್ ವರದಿಗೆ ಆದ್ಯತೆ ಮತ್ತು ಗಡುವು ಹಾಕುವ ಬಗೆ

ಪ್ರಶ್ನೆ: ನಮ್ಮದು 100 ಹಾಸಿಗೆಗಳ ಆಸ್ಪತ್ರೆ. ಕಟ್ಟಡದ ಸುರಕ್ಷತೆ ನನ್ನ ಜವಾಬ್ದಾರಿ. ಹೊರಗಿನವರಿಂದ ಫೈರ್ ಆಡಿಟ್ ಮಾಡಿಸಿದೆವು. 58 ಕೊರತೆಗಳನ್ನು ಪಟ್ಟಿ ಮಾಡಿದ್ದಾರೆ. ಬಹುಪಾಲಿಗೆ ‘ಹೈ’ ಅಂತ ಬರೆದು, ಎಲ್ಲದಕ್ಕೂ 30 ದಿನ ಗಡುವು ಕೊಟ್ಟಿದ್ದಾರೆ. ಆಡಳಿತದವರು ‘ಮೊದಲು ಯಾವುದು, ಅದನ್ನು ಹೇಳಿ’ ಅಂತಿದ್ದಾರೆ. ಐಸಿಯು ಬಗ್ಗೆ ‘ಗಾಳಿಯಾಟ ಸಾಲದು’ ಅಂತ ಒಂದೇ ಸಾಲು ಇದೆ. ಅಲ್ಲಿ ಆರು ಹಾಸಿಗೆ ಇವೆ, ಎರಡು ಸ್ಪ್ಲಿಟ್ ಎಸಿ ಇವೆ, ಕಿಟಕಿ ತೆರೆಯುವ ಹಾಗಿಲ್ಲ. ಕೋಣೆ ಸುಮಾರು 10 ಮೀಟರ್ ಉದ್ದ, 8 ಮೀಟರ್ ಅಗಲ. ಈ ವರದಿಯನ್ನು ಕೆಲಸಕ್ಕೆ ಬರುವ ಹಾಗೆ ಹೇಗೆ ಮಾಡಿಕೊಳ್ಳಲಿ?

ಉತ್ತರ: ಆಡಿಟ್ ಮಾಡಿದವರು ಕೊರತೆಗಳನ್ನು ನೋಡಿದ್ದಾರೆ, ಆದರೆ ತೂಗಿಲ್ಲ. ಆ ಕೆಲಸ ಈಗ ನಿಮ್ಮ ಪಾಲಿಗೆ ಬಂದಿದೆ. ಹಾಗಂತ ಅವರ ವರದಿಯನ್ನು ತಿದ್ದಲು ಹೋಗಬೇಡಿ. ಅದು ಇದ್ದ ಹಾಗೇ ಇರಲಿ. ಅದರ ಪಕ್ಕದಲ್ಲಿ ನಿಮ್ಮದೇ ಒಂದು ಪಾಲನಾ ಪಟ್ಟಿ ಮಾಡಿ. ಅವರು ಕೊಟ್ಟ ಕ್ರಮಸಂಖ್ಯೆಗಳನ್ನೇ ಇಟ್ಟುಕೊಳ್ಳಿ, ಮುಂದೆ ತಾಳೆ ನೋಡಲು ಸುಲಭ.

ಪ್ರತಿ ಕೊರತೆಯ ಮುಂದೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದು, ಈ ಜಾಗದಲ್ಲಿ ಇರುವವರು ತಾವಾಗಿ ಎದ್ದು ನಡೆಯಬಲ್ಲರಾ? ಎರಡು, ಈ ಕೊರತೆ ಏನು ಮಾಡುತ್ತದೆ? ಬೆಂಕಿ ಹುಟ್ಟಿಸುತ್ತದಾ, ಹುಟ್ಟಿದ ಬೆಂಕಿಯನ್ನೋ ಹೊಗೆಯನ್ನೋ ರೋಗಿಯ ತನಕ ಬಿಡುತ್ತದಾ, ಅಥವಾ ನಂದಿಸುವವರಿಗೆ ಅಡ್ಡಿ ಮಾತ್ರ ಮಾಡುತ್ತದಾ? ರೋಗಿ ಅಲುಗಾಡಲಾರದ ಜಾಗದಲ್ಲಿ ಬೆಂಕಿ ಹುಟ್ಟಿಸುವ ಅಥವಾ ಹೊಗೆ ಬಿಡುವ ಕೊರತೆ ಇದ್ದರೆ ಅದು ಮೊದಲ ದರ್ಜೆ. ಹೊರರೋಗಿ ವಿಭಾಗದಲ್ಲಿ ಅದೇ ಕೊರತೆ ಇದ್ದರೆ ಎರಡನೇ ದರ್ಜೆಗೆ ಇಳಿಯಬಹುದು, ಯಾಕೆಂದರೆ ಅಲ್ಲಿನ ಹೆಚ್ಚಿನವರು ನಡೆದು ಹೊರಗೆ ಹೋಗುತ್ತಾರೆ.

ಇಲ್ಲೇ ಹೆಚ್ಚಿನ ವರದಿಗಳು ಎಡವುವುದು. ಆದ್ಯತೆ ಹೇಳುವುದು ಅಪಾಯ ಎಷ್ಟು ಅನ್ನುವುದನ್ನು. ಗಡುವು ಹೇಳುವುದು ಕೆಲಸಕ್ಕೆ ಎಷ್ಟು ದಿನ ಬೇಕು ಅನ್ನುವುದನ್ನು. ಇವೆರಡನ್ನೂ ಒಂದೇ ಕಾಲಮ್ಮಿನಲ್ಲಿ ತುರುಕಿದರೆ ತೊಂದರೆ ಶುರು. ಅತಿ ಅಪಾಯದ ಕೊರತೆಗೂ ಶಾಶ್ವತ ದುರಸ್ತಿಗೆ ಮೂರು ತಿಂಗಳು ಬೇಕಾಗಬಹುದು. ಆಗ ಬರೆಯುವವರು ‘ಹೈ, 90 ದಿನ’ ಅಂತ ಬರೆದುಬಿಡುತ್ತಾರೆ. ಆ 90 ದಿನ ರೋಗಿಗಳು ಅದೇ ಅಪಾಯದಲ್ಲಿ ಮಲಗಿರುತ್ತಾರೆ. ಇನ್ನು ಕೆಲವರು ‘ಹೈ, 24 ಗಂಟೆ’ ಅಂತ ಬರೆಯುತ್ತಾರೆ. ಅದು ಆಗದ ಮಾತು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಪ್ರತಿ ಸಾಲಿಗೂ ಎರಡು ತಾರೀಖು ಇರಲಿ. ಮೊದಲನೆಯದು ತಾತ್ಕಾಲಿಕ ಕ್ರಮದ್ದು, ಅಂದರೆ ಇರುವ ಜನ, ಇರುವ ಸಾಮಾನಿನಲ್ಲಿ ಅಪಾಯ ಕಡಿಮೆ ಮಾಡುವುದಕ್ಕೆ. ಎರಡನೆಯದು ಶಾಶ್ವತ ದುರಸ್ತಿಯದ್ದು. ಮೊದಲ ತಾರೀಖನ್ನು ದರ್ಜೆಯೇ ಗೊತ್ತುಮಾಡುತ್ತದೆ. ನಾನು ಮೊದಲ ದರ್ಜೆಗೆ 24 ಗಂಟೆ, ಎರಡನೆಯದಕ್ಕೆ 7 ದಿನ, ಮೂರನೆಯದಕ್ಕೆ 30 ದಿನ ಇಡುತ್ತೇನೆ. ನಾಲ್ಕನೇ ದರ್ಜೆಗೆ ತಾತ್ಕಾಲಿಕ ಕ್ರಮ ಬೇಕಿಲ್ಲ, ಮುಂದಿನ ನಿರ್ವಹಣೆಯ ಸುತ್ತಿನಲ್ಲಿ ಸರಿಮಾಡಿದರೆ ಸಾಕು. ಎರಡನೇ ತಾರೀಖನ್ನು ಕೆಲಸ ಮಾಡುವವರ ಜೊತೆ ಕೂತು ಮಾತಾಡಿ ಬರೆಯಿರಿ. ಅಗ್ನಿಶಾಮಕ ಇಲಾಖೆ ನೋಟಿಸಿನಲ್ಲಿ ಗಡುವು ಕೊಟ್ಟಿದ್ದರೆ ಅದೇ ಕೊನೆಯ ಮಾತು. ನಿಮ್ಮ ತಾರೀಖು ಅದಕ್ಕಿಂತ ಮುಂಚೆ ಇರಬಹುದು, ಆಮೇಲೆ ಇರುವಂತಿಲ್ಲ.

ಈಗ ನಿಮ್ಮ ಐಸಿಯು ತೆಗೆದುಕೊಳ್ಳೋಣ. ‘ಗಾಳಿಯಾಟ ಸಾಲದು’ ಅಂದರೆ ಓದಿದವರಿಗೆ ಸೆಕೆ, ವಾಸನೆ ನೆನಪಾಗುತ್ತದೆ. ನಿಜವಾದ ವಿಷಯ ಆಕ್ಸಿಜನ್. ಗಾಳಿಯಲ್ಲಿ ಸಾಮಾನ್ಯವಾಗಿ ಸುಮಾರು 21 ಶೇಕಡಾ ಆಕ್ಸಿಜನ್ ಇರುತ್ತದೆ. ಅದು 23.5 ದಾಟಿದರೆ ಆ ಜಾಗವನ್ನು ಆಕ್ಸಿಜನ್ ಹೆಚ್ಚಿರುವ ಜಾಗ ಅಂತಲೇ ಪರಿಗಣಿಸಬೇಕು. ಆಕ್ಸಿಜನ್ ತಾನೇ ಉರಿಯುವುದಿಲ್ಲ. ಆದರೆ ಅದು ಹೆಚ್ಚಿದ ಕಡೆ ಬೇರೆಲ್ಲವೂ ಬೇಗ ಹೊತ್ತಿಕೊಳ್ಳುತ್ತವೆ, ಜೋರಾಗಿ ಉರಿಯುತ್ತವೆ. ಹೊದಿಕೆ, ಪರದೆ, ಪ್ಲಾಸ್ಟಿಕ್ ಕೊಳವೆ, ಹಾಸಿಗೆಯ ಫೋಮ್ ಎಲ್ಲವೂ ಆ ಗಾಳಿಯನ್ನು ಹೀರಿಕೊಂಡು ಕೂತಿರುತ್ತವೆ. ಬೇರೆ ಕೋಣೆಯಲ್ಲಿ ಹೊಗೆಯಾಡಿ ನಿಲ್ಲಬಹುದಾಗಿದ್ದ ಎಸಿಯ ವೈರ್ ಇಲ್ಲಿ ಕೆಲವೇ ಕ್ಷಣಗಳಲ್ಲಿ ದೊಡ್ಡ ಬೆಂಕಿಯಾಗುತ್ತದೆ.

ಸ್ಪ್ಲಿಟ್ ಎಸಿ ಇದೆಯಲ್ಲ, ಗಾಳಿ ಬದಲಾಗುತ್ತಿರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಸ್ಪ್ಲಿಟ್ ಎಸಿ ಕೋಣೆಯದೇ ಗಾಳಿಯನ್ನು ಎಳೆದು, ತಣ್ಣಗೆ ಮಾಡಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಹೊರಗಿನ ಗಾಳಿ ಒಳಗೆ ಬರುವುದು ಬಾಗಿಲು ತೆರೆದಾಗ ಮತ್ತು ಸಂದುಗಳಿಂದ ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ಎತ್ತರ 3 ಮೀಟರ್ ಅಂತಿಟ್ಟುಕೊಂಡರೆ ನಿಮ್ಮ ಕೋಣೆ 240 ಘನ ಮೀಟರ್. ಆರು ರೋಗಿಗಳಿಗೂ ನಿಮಿಷಕ್ಕೆ 30 ಲೀಟರ್ ಆಕ್ಸಿಜನ್ ಹೋಗುತ್ತಿದೆ ಅಂದುಕೊಳ್ಳಿ. ಹೈ ಫ್ಲೋ ಯಂತ್ರ ಬಳಸುವಾಗ ಇದು ದೊಡ್ಡ ಸಂಖ್ಯೆ ಏನಲ್ಲ. ಒಟ್ಟು ನಿಮಿಷಕ್ಕೆ 180 ಲೀಟರ್, ಗಂಟೆಗೆ 10.8 ಘನ ಮೀಟರ್. ವಿಶ್ರಾಂತಿಯಲ್ಲಿರುವ ಒಬ್ಬರ ದೇಹ ನಿಮಿಷಕ್ಕೆ ಬಳಸುವುದು ಸುಮಾರು ಕಾಲು ಲೀಟರ್. ಉಳಿದದ್ದೆಲ್ಲ ಕೋಣೆಗೇ ಸೇರುತ್ತದೆ. ಸಂದುಗಳಿಂದ, ಬಾಗಿಲಿನಿಂದ ಗಂಟೆಗೆ ಕೋಣೆಯ ಗಾತ್ರದ 30 ಶೇಕಡಾ, ಅಂದರೆ 72 ಘನ ಮೀಟರ್ ಹೊರಗಿನ ಗಾಳಿ ಬರುತ್ತದೆ ಅಂತಿಟ್ಟುಕೊಳ್ಳೋಣ. ಗಾಳಿ ಚೆನ್ನಾಗಿ ಬೆರೆತರೆ ಕೊನೆಗೆ ನಿಲ್ಲುವ ಮಟ್ಟ ಹೀಗೆ:

```
(72 × 0.21 + 10.8) / (72 + 10.8) = 0.313
```

ಅಂದರೆ 31 ಶೇಕಡಾ. ಅಷ್ಟಕ್ಕೆ ಏರಲು ಇಡೀ ದಿನ ಬೇಡ. ಮೂರು ಗಂಟೆಯೊಳಗೇ 27 ದಾಟಿರುತ್ತದೆ. ರೋಗಿಯ ಮುಖದ ಹತ್ತಿರ, ಹೊದಿಕೆಯ ಒಳಗೆ ಇನ್ನೂ ಜಾಸ್ತಿ ಇರುತ್ತದೆ. ಅದೇ ಕೋಣೆಗೆ ಗಂಟೆಗೆ ಎರಡು ಕೋಣೆಯಷ್ಟು, ಅಂದರೆ 480 ಘನ ಮೀಟರ್ ಹೊರಗಾಳಿ ಕೊಟ್ಟರೆ ಮಟ್ಟ 22.7ಕ್ಕೆ ನಿಲ್ಲುತ್ತದೆ. 23.5ರ ಒಳಗೆ ಇರಲು ಕನಿಷ್ಠ 330 ಘನ ಮೀಟರ್ ಬೇಕು. ನಿಮ್ಮಲ್ಲಿ ನಿಜವಾಗಿ ಎಷ್ಟು ಹರಿಯುತ್ತಿದೆ ಅನ್ನುವುದು ಫ್ಲೋ ಮೀಟರ್‌ಗಳನ್ನು ಕೂಡಿಸಿದರೆ ಗೊತ್ತಾಗುತ್ತದೆ. ಆ ಸಂಖ್ಯೆ ಹಾಕಿ ಇದೇ ಲೆಕ್ಕ ಮತ್ತೆ ಮಾಡಿ. ವೆಂಟಿಲೇಟರ್ ಇರುವ ಹಾಸಿಗೆಯಲ್ಲಿ ಯಂತ್ರ ತೋರಿಸುವ ಆಕ್ಸಿಜನ್ ಬಳಕೆಯನ್ನು ಸೇರಿಸಿ.

ಈಗ ಆ ಒಂದು ಸಾಲನ್ನು ಹೀಗೆ ಬಿಡಿಸಿ ಬರೆಯಬಹುದು:

ಜಾಗ: ಐಸಿಯು. ಕಂಡದ್ದು: ಹೊರಗಾಳಿ ಬರುವ ವ್ಯವಸ್ಥೆ ಇಲ್ಲ, ಎರಡೂ ಎಸಿ ಒಳಗಾಳಿಯನ್ನೇ ತಿರುಗಿಸುತ್ತವೆ, ಆಕ್ಸಿಜನ್ ಮಟ್ಟ ತೋರಿಸುವ ಮೀಟರ್ ಇಲ್ಲ. ಅಪಾಯ: ಆರು ಹಾಸಿಗೆಯೂ ಬಳಕೆಯಲ್ಲಿದ್ದಾಗ ಮಟ್ಟ 23.5 ದಾಟುವ ಸಾಧ್ಯತೆ, ರೋಗಿಗಳು ತಾವಾಗಿ ಹೊರಬರಲಾರರು. ದರ್ಜೆ: ಒಂದು. ತಾತ್ಕಾಲಿಕ ಕ್ರಮ: 24 ಗಂಟೆಯೊಳಗೆ. ಶಾಶ್ವತ ದುರಸ್ತಿ: 90 ದಿನ. ಹೊಣೆ: ತಾತ್ಕಾಲಿಕಕ್ಕೆ ಐಸಿಯು ಮುಖ್ಯ ನರ್ಸ್, ಶಾಶ್ವತಕ್ಕೆ ನಿರ್ವಹಣಾ ಎಂಜಿನಿಯರ್.

24 ಗಂಟೆಯಲ್ಲಿ ಏನು ಮಾಡಬಹುದು? ಮೊದಲು ಒಂದು ಆಕ್ಸಿಜನ್ ಮೀಟರ್ ತಂದು ಅಳೆಯಿರಿ. ಹಾಸಿಗೆಯ ಮಟ್ಟದಲ್ಲಿ ಒಂದು ಅಳತೆ, ಎಸಿ ಗಾಳಿ ಎಳೆದುಕೊಳ್ಳುವ ಕಡೆ ಒಂದು. ಹಗಲು ಅಳೆದರೆ ಸಾಲದು. ಬಾಗಿಲು ಹೆಚ್ಚು ಹೊತ್ತು ಮುಚ್ಚಿರುವ ನಡುರಾತ್ರಿಯ ಅಳತೆಯೂ ಬೇಕು. ರೋಗಿಯ ಮೂಗಿನಿಂದ ತೆಗೆದ ಕೊಳವೆಯನ್ನು ಹಾಸಿಗೆಯ ಮೇಲೆ ಹರಿಯಬಿಡುವ ಅಭ್ಯಾಸ ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಊಟಕ್ಕೆ, ಸ್ನಾನಕ್ಕೆ ಮಾಸ್ಕ್ ತೆಗೆದರೆ ಫ್ಲೋ ಮೀಟರ್ ಮುಚ್ಚಲೇಬೇಕು. ಸೋರುವ ಜೋಡಣೆಗಳನ್ನು ಸಾಬೂನು ನೀರಿನಿಂದ ಪರೀಕ್ಷಿಸಿ. ಹಾಸಿಗೆಯ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡ್‌ಗಳನ್ನು ತೆಗೆಸಿ. ಒಂದೇ ಸಾಕೆಟ್ಟಿಗೆ ಮೂರು ಯಂತ್ರ ಜೋತುಬಿದ್ದಿದ್ದರೆ ಬೇರೆ ಬೇರೆ ಸಾಕೆಟ್ಟಿಗೆ ಹಂಚಿ.

ಒಂದು ಭಾಗದ ಹಾಸಿಗೆಗಳಿಗೆ ಆಕ್ಸಿಜನ್ ನಿಲ್ಲಿಸುವ ಝೋನ್ ವಾಲ್ವ್ ಎಲ್ಲಿದೆ ಅಂತ ರಾತ್ರಿ ಪಾಳಿಯ ನರ್ಸ್ ಒಬ್ಬರನ್ನು ಕೇಳಿ ನೋಡಿ. ಎಷ್ಟೋ ಕಡೆ ಅದರ ಮುಂದೆ ಬೀರು ಇಟ್ಟಿರುತ್ತಾರೆ, ಇಲ್ಲವೇ ಯಾವ ಹಾಸಿಗೆಗಳಿಗೆ ಸಂಬಂಧಿಸಿದ್ದು ಅಂತ ಅದರ ಮೇಲೆ ಬರೆದಿರುವುದಿಲ್ಲ. ಬೆಂಕಿಯ ಸಮಯದಲ್ಲಿ ಅದನ್ನು ಮುಚ್ಚುವವರು ಯಾರು, ಮುಚ್ಚುವ ಮೊದಲು ಆ ಸಾಲಿನ ರೋಗಿಗಳಿಗೆ ಸಿಲಿಂಡರ್ ಹೇಗೆ ಅನ್ನುವುದನ್ನು ಬರೆದು ಗೋಡೆಗೆ ಅಂಟಿಸಿ.

ಶಾಶ್ವತ ದುರಸ್ತಿಯಲ್ಲಿ ಒಂದು ಬಲೆ ಇದೆ. ‘ಎಕ್ಸಾಸ್ಟ್ ಫ್ಯಾನ್ ಹಾಕಿದೆವು, ಮುಗಿಯಿತು’ ಅನ್ನುತ್ತಾರೆ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ, ಗಾಳಿ ಹೊರಗೆ ಹೋಗುವುದಿಲ್ಲ. ಆಗ ಯಾರೋ ಒಬ್ಬರು ಐಸಿಯು ಬಾಗಿಲಿಗೆ ಜಾಲರಿ ಕೊರೆಯುತ್ತಾರೆ. ಅದು ಫೈರ್ ಡೋರ್ ಆಗಿದ್ದರೆ ಬಾಗಿಲೇ ಹಾಳಾಯಿತು. ಒಂದು ಕೊರತೆ ಮುಚ್ಚಲು ಹೋಗಿ ಇನ್ನೊಂದನ್ನು ಹುಟ್ಟಿಸಿದಂತೆ. ಜೊತೆಗೆ ಫ್ಯಾನ್ ಗಾಳಿ ಎಳೆದರೆ ಕಾರಿಡಾರಿನ ಗಾಳಿ ಐಸಿಯು ಒಳಗೆ ನುಗ್ಗುತ್ತದೆ, ಸೋಂಕು ನಿಯಂತ್ರಣದವರು ಒಪ್ಪುವುದಿಲ್ಲ. ಅವರ ಮಾತು ಸರಿಯೇ. ಹೊರಗೋಡೆಯಿಂದ ಫಿಲ್ಟರ್ ಮೂಲಕ ಗಾಳಿಯನ್ನು ಒಳಗೆ ತಳ್ಳುವ ವ್ಯವಸ್ಥೆಯೇ ಒಳ್ಳೆಯದು. ಅದಕ್ಕೇ 90 ದಿನ. ಕೆಲಸ ಮುಗಿದಾಗ ಬಿಲ್ ತೋರಿಸಿದರೆ ಸಾಲದು. ಎಲ್ಲ ಹಾಸಿಗೆ ತುಂಬಿರುವ ಒಂದು ರಾತ್ರಿ ಮೀಟರ್ 23.5ರ ಒಳಗೆ ನಿಂತಿದೆ ಅನ್ನುವ ದಾಖಲೆ ಬೇಕು.

ಐಸಿಯುವಿನ ಎರಡನೇ ಕೊರತೆ ಎಸಿ ಮತ್ತು ವಿದ್ಯುತ್ತು. ಮನೆಯ ಎಸಿಗೆ ರಾತ್ರಿಯ ನಂತರ ಬಿಡುವು ಇರುತ್ತದೆ. ಐಸಿಯು ಎಸಿಗೆ ಇರುವುದಿಲ್ಲ. ಸಡಿಲವಾದ ಸ್ಕ್ರೂ ಇರುವ ಜೋಡಣೆ ಬಿಸಿಯಾಗುತ್ತಾ ಹೋಗುತ್ತದೆ. ಬಿಸಿಗೆ ಹಿಗ್ಗಿ, ತಣಿದಾಗ ಕುಗ್ಗಿ ಇನ್ನಷ್ಟು ಸಡಿಲವಾಗುತ್ತದೆ. ಎಂಸಿಬಿ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಹರಿಯುವ ಕರೆಂಟು ಮಿತಿಯೊಳಗೇ ಇರುತ್ತದೆ. ಹಿಡಿಯುವುದು ಥರ್ಮಲ್ ಕ್ಯಾಮೆರಾ. ಎಲ್ಲ ಯಂತ್ರ ಓಡುತ್ತಿರುವಾಗ ವಿತರಣಾ ಪೆಟ್ಟಿಗೆಯ ಚಿತ್ರ ತೆಗೆಸಿ. ಒಂದೇ ಹೊರೆ ಇರುವ ಒಂದೇ ಬಗೆಯ ಜೋಡಣೆಗಳಲ್ಲಿ ಒಂದು ಉಳಿದವುಗಳಿಗಿಂತ 15 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇದ್ದರೆ ಕೂಡಲೇ ದುರಸ್ತಿ ಮಾಡಿಸಬೇಕು. ಪ್ಲಗ್ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಇದ್ದರೆ ಕ್ಯಾಮೆರಾಗೂ ಕಾಯಬೇಡಿ. ಇದು ಮೊದಲ ದರ್ಜೆ, ಮತ್ತು ಇದರ ಶಾಶ್ವತ ದುರಸ್ತಿಯೂ ವಾರದೊಳಗೆ ಆಗುವಂಥದ್ದೇ.

ಇನ್ನು ಹೊಗೆ. ಆಸ್ಪತ್ರೆಯಲ್ಲಿ ಎಲ್ಲರನ್ನೂ ಮೆಟ್ಟಿಲು ಇಳಿಸಿ ಹೊರಗೆ ತರುವುದು ಕೊನೆಯ ಉಪಾಯ. ಮೊದಲ ಉಪಾಯ ಅದೇ ಮಹಡಿಯಲ್ಲಿ ಫೈರ್ ಡೋರ್ ದಾಟಿಸಿ ಪಕ್ಕದ ವಿಭಾಗಕ್ಕೆ ಹಾಸಿಗೆ ಸಮೇತ ತಳ್ಳುವುದು. ಇದು ನಡೆಯಬೇಕಾದರೆ ನಡುವಿನ ಗೋಡೆ, ಬಾಗಿಲು ಹೊಗೆಯನ್ನು ತಡೆಯಬೇಕು. ಬಾಗಿಲಿಗೆ ಮರದ ತುಂಡು ಸಿಕ್ಕಿಸಿ ತೆರೆದಿಟ್ಟಿರುವುದು, ಸ್ಟ್ರೆಚರಿಗೆ ಅಡ್ಡಿ ಅಂತ ಡೋರ್ ಕ್ಲೋಸರ್ ಬಿಚ್ಚಿಟ್ಟಿರುವುದು ನಿಮ್ಮ 58ರಲ್ಲೂ ಖಂಡಿತ ಇರುತ್ತದೆ. ಮರದ ತುಂಡು ಇವತ್ತೇ ಹೋಗಬೇಕು. ಆದರೆ ಸಿಬ್ಬಂದಿಯ ಕಷ್ಟವೂ ನಿಜವೇ ಅಲ್ವಾ? ಅದಕ್ಕೆ ಅಲಾರಂ ಆದಾಗ ತಾನಾಗಿ ಬಿಟ್ಟುಕೊಡುವ ಅಯಸ್ಕಾಂತದ ಹಿಡಿಕೆ ಹಾಕಿಸಿ. ಗಡುವು 30 ದಿನ. ಬರೀ ‘ಬಾಗಿಲು ಮುಚ್ಚಿಡಿ’ ಅಂತ ಸುತ್ತೋಲೆ ಕಳಿಸಿದರೆ ಸ್ವಲ್ಪ ದಿನದಲ್ಲಿ ಮರದ ತುಂಡು ವಾಪಸ್ ಬಂದಿರುತ್ತದೆ.

ಕಣ್ಣಿಗೆ ಕಾಣದ ಕೊರತೆ ಫಾಲ್ಸ್ ಸೀಲಿಂಗ್ ಮೇಲಿದೆ. ಕೆಳಗೆ ಗೋಡೆ ಗಟ್ಟಿಯಾಗಿರುತ್ತದೆ, ಮೇಲೆ ಹೊಸ ಕೇಬಲ್ ಎಳೆದವರು ತೂತು ಕೊರೆದು ಹಾಗೇ ಬಿಟ್ಟಿರುತ್ತಾರೆ. ವಿಭಾಗದ ಗೋಡೆಯ ಎರಡೂ ಕಡೆ ಸೀಲಿಂಗಿನ ಒಂದೊಂದು ಹಲಗೆ ಎತ್ತಿಸಿ, ಒಂದು ಕಡೆಯಿಂದ ಟಾರ್ಚ್ ಬಿಡಿಸಿ. ಇನ್ನೊಂದು ಕಡೆ ಬೆಳಕು ಕಂಡರೆ ಹೊಗೆಗೂ ದಾರಿ ಇದೆ ಅಂತಲೇ ಅರ್ಥ. ಇದು ಐಸಿಯು, ಶಿಶುಗಳ ಐಸಿಯು, ಆಪರೇಷನ್ ಥಿಯೇಟರ್ ಸುತ್ತ ಇದ್ದರೆ ಮೊದಲ ದರ್ಜೆ, ಬೇರೆ ಕಡೆ ಎರಡನೇ ದರ್ಜೆ. ಮುಚ್ಚಿದ್ದನ್ನು ನೋಡುವಾಗ ಯಾವುದರಿಂದ ಮುಚ್ಚಿದ್ದಾರೆ ಅಂತ ಕೇಳಿ. ಸಾಧಾರಣ ಪಾಲಿಯುರೆಥೇನ್ ಫೋಮ್ ತುಂಬಿದ್ದರೆ ಅದು ಉರಿಯುವ ವಸ್ತು. ಬೆಂಕಿ ತಡೆಗೆಂದೇ ಪರೀಕ್ಷೆಯಾದ ಸೀಲಂಟ್, ಅದರ ಪ್ರಮಾಣಪತ್ರದ ಸಮೇತ ಬೇಕು. ಇನ್ನು ಮುಂದೆ ಗೋಡೆ ಕೊರೆಯಲು ನಿಮ್ಮ ಸಹಿ ಇರುವ ಪರವಾನಗಿ ಕಡ್ಡಾಯ ಮಾಡಿ. ಇಲ್ಲದಿದ್ದರೆ ಮುಂದಿನ ಇಂಟರ್ನೆಟ್ ಕೇಬಲ್ಲಿನ ಜೊತೆ ಹೊಸ ತೂತು ಬರುತ್ತದೆ.

ನೆಲಮಾಳಿಗೆಯಲ್ಲಿ ರೋಗಿಗಳಿಲ್ಲ ಅಂತ ಅದನ್ನು ಕೆಳಗಿನ ದರ್ಜೆಗೆ ಹಾಕಬೇಡಿ. 1929ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಇಟ್ಟಿದ್ದ ಎಕ್ಸ್‌ರೇ ಫಿಲ್ಮ್ ಉರಿದು, ವಿಷದ ಹೊಗೆ ಮೇಲಿನ ಮಹಡಿಗಳಿಗೆ ಏರಿ 123 ಜನ ಸತ್ತರು. 2011ರಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ನೆಲಮಾಳಿಗೆಯಲ್ಲಿ ಕೂಡಿಟ್ಟ ಸಾಮಾನಿಗೆ ಬೆಂಕಿ ಬಿದ್ದು ಹೊಗೆ ಮೇಲೇರಿತು, ಸುಮಾರು 90 ಜನ ತೀರಿಕೊಂಡರು, ಹೆಚ್ಚಿನವರು ಉಸಿರುಗಟ್ಟಿ. ನಿಮ್ಮಲ್ಲಿ ಹಳೆ ಹಾಸಿಗೆ, ಕಡತ, ರಟ್ಟಿನ ಪೆಟ್ಟಿಗೆ ಕೆಳಗೆ ಸೇರಿಕೊಂಡಿದ್ದರೆ, ಪೈಪ್, ಕೇಬಲ್ ಮೇಲೆ ಹೋಗುವ ಶಾಫ್ಟ್ ಬಾಯಿ ತೆರೆದಿದ್ದರೆ, ಎರಡೂ ಸೇರಿ ಮೊದಲ ದರ್ಜೆ. ಸಾಮಾನು ಹೊರಗೆ ಸಾಗಿಸಲು ಎರಡು ದಿನ ಕೊಡಿ. ಅಲ್ಲಿಯತನಕ ಆ ಕಡೆಯ ವಿದ್ಯುತ್ ಕಡಿತ ಮಾಡಿ, ಗಂಟೆಗೊಮ್ಮೆ ಕಾವಲುಗಾರ ಸುತ್ತು ಹಾಕಿ ಸಹಿ ಮಾಡಲಿ. ಶಾಫ್ಟ್ ಮುಚ್ಚಲು 30 ದಿನ.

ಪಂಪ್ ರೂಮಿನ ಒಂದು ಕೊರತೆಯನ್ನು ಹೇಳಲೇಬೇಕು. ಫೈರ್ ಪಂಪಿನ ಸ್ವಿಚ್ ‘ಆಟೋ’ದಲ್ಲಿ ಇರಬೇಕು. ಎಷ್ಟೋ ಕಡೆ ‘ಮ್ಯಾನುಯಲ್’ ಅಥವಾ ‘ಆಫ್’ನಲ್ಲಿ ಇರುತ್ತದೆ. ಸರಿಮಾಡಲು ಒಂದು ಕ್ಷಣ ಸಾಕು, ಖರ್ಚೇ ಇಲ್ಲ. ಅದಕ್ಕೇ ಇದು ಪಟ್ಟಿಯ ಕೊನೆಯಲ್ಲಿ ಸಣ್ಣ ಕೊರತೆಯಾಗಿ ಕೂತಿರುತ್ತದೆ. ಆದರೆ ಆ ಸ್ವಿಚ್ ಆಫ್ ಇದ್ದರೆ ಇಡೀ ಕಟ್ಟಡದ ಸ್ಪ್ರಿಂಕ್ಲರಿಗೆ ನೀರಿನ ಒತ್ತಡ ನಿಲ್ಲುವುದಿಲ್ಲ, ಹಾಗಾಗಿ ಅದು ಮೊದಲ ದರ್ಜೆ. ಸ್ವಿಚ್ ತಿರುಗಿಸಿ ‘ಪಾಲಿಸಲಾಗಿದೆ’ ಅಂತ ಬರೆದು ಮುಗಿಸಬೇಡಿ. ಯಾಕೆ ಆಫ್ ಮಾಡಿದ್ದರು ಅಂತ ಆಪರೇಟರನ್ನು ಕೇಳಿ. ಎಲ್ಲೋ ಪೈಪ್ ಸೋರುತ್ತಿರುತ್ತದೆ, ಒತ್ತಡ ಇಳಿದು, ಅದನ್ನು ಕಾಯ್ದುಕೊಳ್ಳುವ ಸಣ್ಣ ಜಾಕಿ ಪಂಪ್ ಮತ್ತೆ ಮತ್ತೆ ಶುರುವಾಗುತ್ತದೆ, ಆ ಕಾಟಕ್ಕೆ ಬೇಸತ್ತು ಎಲ್ಲವನ್ನೂ ಆಫ್ ಮಾಡಿರುತ್ತಾರೆ. ಸೋರಿಕೆ ಹುಡುಕದೆ ಹೋದರೆ ಸ್ವಿಚ್ ಮತ್ತೆ ಆಫ್ ಆಗುತ್ತದೆ. ಪರೀಕ್ಷೆ ಸುಲಭ. ಟೆಸ್ಟ್ ವಾಲ್ವ್ ತೆರೆದು ಒತ್ತಡ ಇಳಿಸಿ, ಯಾರೂ ಮುಟ್ಟದೆ ಪಂಪ್ ಶುರುವಾಗಬೇಕು. ಆಮೇಲೆ ಮುಖ್ಯ ಪಂಪಿನ ವಿದ್ಯುತ್ ತೆಗೆದು ಡೀಸೆಲ್ ಪಂಪ್ ಶುರುವಾಗುತ್ತದಾ ನೋಡಿ. ಅದರ ಬ್ಯಾಟರಿ ಸತ್ತಿರುವುದು ಅಪರೂಪವೇನಲ್ಲ.

ಬಾಡಿದ ಫಲಕ, ನಕ್ಷೆ ಅಂಟಿಸದಿರುವುದು, ಎಕ್ಸ್‌ಟಿಂಗ್ವಿಷರಿನ ಚೀಟಿಯಲ್ಲಿ ತಾರೀಖು ಬರೆಯದಿರುವುದು, ಇವೆಲ್ಲ ಮೂರು, ನಾಲ್ಕನೇ ದರ್ಜೆ. ಎಕ್ಸ್‌ಟಿಂಗ್ವಿಷರಿನ ಒತ್ತಡವೇ ಇಳಿದಿದ್ದರೆ ಮಾತು ಬೇರೆ. ಬೀಗ ಹಾಕಿದ ತುರ್ತು ಬಾಗಿಲು ಮಾತ್ರ ಯಾವ ಮಹಡಿಯಲ್ಲಿದ್ದರೂ ಮೊದಲ ದರ್ಜೆ. ಕಳ್ಳತನದ ಭಯ ಇದ್ದರೆ ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದಾಗ ಸದ್ದು ಮಾಡುವ ಪಟ್ಟಿ ಹಾಕಿಸಿ.

ಹೀಗೆ ವಿಂಗಡಿಸಿದರೆ ನಿಮ್ಮ 58ರಲ್ಲಿ ಮೊದಲ ದರ್ಜೆಗೆ ಕೆಲವೇ ಉಳಿಯುತ್ತವೆ. ಅರ್ಧಕ್ಕಿಂತ ಹೆಚ್ಚು ಉಳಿದರೆ ಮತ್ತೆ ತೂಗಿ ನೋಡಿ. ಆಡಳಿತದ ಸಭೆಗೆ ಮೊದಲ ದರ್ಜೆಯ ಪುಟ ಒಂದನ್ನೇ ಒಯ್ಯಿರಿ. ಅದರಲ್ಲೂ ತಾತ್ಕಾಲಿಕ ಕ್ರಮಗಳನ್ನು ಮೊದಲೇ ಮಾಡಿ ಮುಗಿಸಿ, ಶಾಶ್ವತ ದುರಸ್ತಿಗೆ ಮಾತ್ರ ಹಣ ಕೇಳಿ.

ಗಡುವು ಮುಂದೂಡುವ ನಿಯಮವನ್ನೂ ಆ ಸಭೆಯಲ್ಲೇ ಬರೆಸಿಕೊಳ್ಳಿ. ಶಾಶ್ವತ ದುರಸ್ತಿಯ ತಾರೀಖು ತಪ್ಪುವ ಹಾಗಿದ್ದರೆ, ಹೊಸ ತಾರೀಖಿಗೆ ಆಸ್ಪತ್ರೆಯ ಮುಖ್ಯಸ್ಥರೇ ಸಹಿ ಹಾಕಬೇಕು. ಸಹಿ ಹಾಕುವ ಮುಂಚೆ ತಾತ್ಕಾಲಿಕ ಕ್ರಮ ಇನ್ನೂ ನಡೆಯುತ್ತಿದೆಯಾ ಅಂತ ನೀವು ಜಾಗಕ್ಕೇ ಹೋಗಿ ನೋಡಿ ಬರೆದಿರಬೇಕು. ಕೊರತೆ ಮುಗಿಯಿತು ಅಂತ ಒಪ್ಪುವವರು ಆ ಕೆಲಸ ಮಾಡಿದವರಾಗಿರಬಾರದು. ಫೈರ್ ಡೋರ್, ಝೋನ್ ವಾಲ್ವ್, ಪಂಪ್ ಸ್ವಿಚ್, ಈ ಮೂರನ್ನು ಮಾತ್ರ ಹೇಳದೆ ಕೇಳದೆ ರಾತ್ರಿ ಪಾಳಿಯಲ್ಲಿ ಹೋಗಿ ಪರೀಕ್ಷಿಸಿ.